ಅವಳಿ ಮರಿ ಹೊತ್ತ ಕುರಿ-ಮೇಕೆ ಮೇವು ಬಿಟ್ಟರೆ: ಗಬ್ಬದ ನಂಜನ್ನು ಗುರುತಿಸುವುದು, ತಡೆಯುವುದು

ಗಬ್ಬದ ಕುರಿ ಕೊನೆಯ ತಿಂಗಳಲ್ಲಿ ಮೇವು ಬಿಟ್ಟು ಮಂಕಾಗಿ ನಿಂತರೆ ಬಹಳ ಜನ ಹೇಳುವುದು "ಅಜೀರ್ಣ ಆಗಿರಬೇಕು" ಅಂತ. ಇಲ್ಲವೇ "ಮರಿ ಹಾಕೋ ದಿನ ಹತ್ತಿರ ಬಂತಲ್ವಾ, ಅದಕ್ಕೇ ಹೀಗೆ" ಅಂತ. ಹಾಗಂದುಕೊಂಡು ಎರಡು ದಿನ ಕಾಯುತ್ತಾರೆ. ಮೂರನೇ ದಿನ ಫೋನ್ ಬರುತ್ತದೆ: "ಸಾರ್, ಕುರಿ ಎದ್ದೇಳ್ತಾನೇ ಇಲ್ಲ, ಕಣ್ಣೂ ಕಾಣ್ತಿಲ್ಲ ಅನ್ಸುತ್ತೆ." ಹೊಟ್ಟೆಯಲ್ಲಿ ಎರಡು ಮರಿ ಇದ್ದವು ಅನ್ನುವುದು ಎಷ್ಟೋ ಸಲ ಕುರಿ ಸತ್ತ ಮೇಲೆ ಗೊತ್ತಾಗುತ್ತದೆ.

ಇದಕ್ಕೆ ಪ್ರೆಗ್ನೆನ್ಸಿ ಟಾಕ್ಸೀಮಿಯಾ ಅನ್ನುತ್ತಾರೆ. ಈ ಲೇಖನದಲ್ಲಿ ಗಬ್ಬದ ನಂಜು ಅಂತಲೇ ಕರೆಯೋಣ. ಇದು ಅಂಟುರೋಗ ಅಲ್ಲ, ಹುಳದಿಂದ ಬರುವುದೂ ಅಲ್ಲ. ಹೊಟ್ಟೆಯಲ್ಲಿರುವ ಮರಿಗಳು ಕೇಳುವಷ್ಟು ಶಕ್ತಿ ತಾಯಿಯ ಮೇವಿನಲ್ಲಿ ಸಿಗದೇ ಹೋದಾಗ ಬರುವ ತೊಂದರೆ. ಬರುವ ಕಾಲವೂ ಹೆಚ್ಚುಕಡಿಮೆ ಗೊತ್ತಿರುವುದೇ: ಮರಿ ಹಾಕುವ ಮುಂಚಿನ ಆರು ವಾರ, ಅದರಲ್ಲೂ ಕೊನೆಯ ಮೂರು-ನಾಲ್ಕು ವಾರ.

ನಮ್ಮ ಡೆಕ್ಕನಿ, ಬನ್ನೂರು ಕುರಿಗಳು ಸಾಮಾನ್ಯವಾಗಿ ಒಂದೇ ಮರಿ ಹಾಕುವುದರಿಂದ ಹಳೆಯ ಕುರಿಗಾರರಿಗೆ ಈ ತೊಂದರೆ ಅಷ್ಟಾಗಿ ಕಂಡಿರಲಿಲ್ಲ. ಈಗ ಹಾಗಿಲ್ಲ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಸಂಸ್ಥೆಯವರು ಸುಂದರಬನದ ಗರೋಲೆ ಕುರಿಯ ಅವಳಿ ಹಾಕುವ ಗುಣವನ್ನು ಡೆಕ್ಕನಿಗೆ ತಂದು ನಾರಿ ಸುವರ್ಣ ತಳಿ ಮಾಡಿದರು. ಆ ತಳಿ, ಅದರ ಮಿಶ್ರತಳಿ ನಮ್ಮ ಕೊಟ್ಟಿಗೆಗಳಿಗೂ ಬಂದಿವೆ. ಉಸ್ಮಾನಾಬಾದಿ ಮೇಕೆಗೆ ಅವಳಿ ಮೊದಲಿನಿಂದಲೂ ಮಾಮೂಲು. ಎರಡು ಮರಿ ಬೇಕು ಅಂತ ತಳಿ ತಂದ ಮೇಲೆ ಎರಡು ಮರಿಗೆ ಆಗುವಷ್ಟು ಮೇವನ್ನೂ ತಾಯಿಗೆ ಹಾಕಲೇಬೇಕು.

ಒಳಗೆ ಏನಾಗುತ್ತದೆ

ಕುರಿ, ಮೇಕೆ ಎರಡರ ಗಬ್ಬವೂ ಸುಮಾರು ಐದು ತಿಂಗಳು. ಮೊದಲ ಮೂರೂವರೆ ತಿಂಗಳು ಮರಿ ಅಷ್ಟೇನೂ ಬೆಳೆಯುವುದಿಲ್ಲ. ಹುಟ್ಟುವಾಗಿನ ತೂಕದ ಶೇ. 70ರಷ್ಟು ಕೊನೆಯ ಆರು ವಾರದಲ್ಲೇ ಬರುತ್ತದೆ. ತಲಾ ಎರಡೂವರೆ ಕೆಜಿಯ ಎರಡು ಮರಿ ಅಂತಿಟ್ಟುಕೊಳ್ಳಿ. ಒಟ್ಟು 5 ಕೆಜಿ. ಅದರಲ್ಲಿ ಮೂರೂವರೆ ಕೆಜಿ ಕೊನೆಯ 42 ದಿನದಲ್ಲಿ ಬೆಳೆಯಬೇಕು. ಕೆಚ್ಚಲು ಕಟ್ಟುವುದೂ ಆಗಲೇ.

ಮರಿಗೆ ಬೇಕಾದದ್ದು ಮುಖ್ಯವಾಗಿ ಗ್ಲೂಕೋಸ್. ತಾಯಿಗೆ ಸಾಲದಿದ್ದರೂ ಮರಿಗಳು ತಮ್ಮ ಪಾಲನ್ನು ಎಳೆದುಕೊಳ್ಳುತ್ತವೆ. ಇನ್ನೊಂದು ಕಡೆ ಗರ್ಭಕೋಶ ಬೆಳೆದು, ಮೇವು ತುಂಬಿಕೊಳ್ಳುವ ದೊಡ್ಡ ಹೊಟ್ಟೆಯನ್ನು ಒತ್ತುತ್ತದೆ. ಹೀಗಾಗಿ ಹೆಚ್ಚು ತಿನ್ನಬೇಕಾದ ಹೊತ್ತಿನಲ್ಲೇ ಕುರಿಗೆ ಹೆಚ್ಚು ಒಣಮೇವು ಹಿಡಿಯುವುದಿಲ್ಲ. ಕೊರತೆ ತುಂಬಲು ಮೈಯ ಕೊಬ್ಬು ಕರಗಿ ಯಕೃತ್ತಿಗೆ ಹೋಗುತ್ತದೆ. ಸ್ವಲ್ಪ ಕೊಬ್ಬಾದರೆ ಯಕೃತ್ತು ನಿಭಾಯಿಸುತ್ತದೆ. ಜಾಸ್ತಿ ಬಂದರೆ ಕೊಬ್ಬು ಅಲ್ಲೇ ತುಂಬಿಕೊಳ್ಳುತ್ತದೆ, ರಕ್ತದಲ್ಲಿ ಕೀಟೋನ್, ಅಂದರೆ ಕೊಬ್ಬು ಪೂರ್ತಿ ಬಳಕೆಯಾಗದೆ ಉಳಿಯುವ ವಸ್ತು, ಏರುತ್ತದೆ. ಕೀಟೋನ್ ಏರಿದರೆ ಹಸಿವು ಸಾಯುತ್ತದೆ. ಹಸಿವು ಸತ್ತರೆ ಮೇವು ಇನ್ನೂ ಕಡಿಮೆಯಾಗಿ ಕೊಬ್ಬು ಇನ್ನೂ ಕರಗುತ್ತದೆ. ಕೊನೆಗೆ ಮಿದುಳಿಗೇ ಗ್ಲೂಕೋಸ್ ಸಾಲದಾಗಿ ಕಣ್ಣು ಕಾಣದಂತಾಗುವುದು, ತೂರಾಡುವುದು, ನಡುಗುವುದು ಶುರುವಾಗುತ್ತದೆ.

ಬಡಕಲು ಕುರಿಗೂ ಇದು ಬರುತ್ತದೆ, ದಪ್ಪ ಕುರಿಗೂ ಬರುತ್ತದೆ. ಬಡಕಲು ಕುರಿಗೆ ಮೇವೇ ಸಿಕ್ಕಿರುವುದಿಲ್ಲ. ದಪ್ಪ ಕುರಿಯ ಹೊಟ್ಟೆಯೊಳಗೆ ಕೊಬ್ಬು, ಎರಡು ಮರಿ ಎರಡೂ ಜಾಗ ಹಿಡಿದಿರುತ್ತವೆ, ಮೇವಿಗೆ ಜಾಗ ಉಳಿಯುವುದಿಲ್ಲ. ಕರಗಲು ಕಾದಿರುವ ಕೊಬ್ಬೂ ಬೇಕಾದಷ್ಟಿರುತ್ತದೆ. ಹಲಗೆ ಹಾಸಿದ ಶೆಡ್‌ನಲ್ಲೇ ದಿನವಿಡೀ ನಿಂತಿರುವ, ನಡೆಯದ ಕುರಿಗಳಲ್ಲಿ ಈ ಎರಡನೆಯ ಬಗೆಯನ್ನು ಜಾಸ್ತಿ ನೋಡಬಹುದು. "ನಮ್ ಕುರಿ ಮೈಕೈ ತುಂಬ್ಕೊಂಡಿದೆ, ಅದಕ್ಕೇನೂ ಆಗಲ್ಲ" ಅನ್ನುವ ನಂಬಿಕೆಯೇ ಇಲ್ಲಿ ತೊಂದರೆ ಕೊಡುತ್ತದೆ.

ಹೆಜ್ಜೆ 1: ಟಗರು ಬಿಟ್ಟ ದಿನ ಬರೆದಿಡಿ

ಮುಂದಿನ ಎಲ್ಲ ಕೆಲಸಕ್ಕೂ ಇದೇ ತಳಹದಿ. ಟಗರು ಅಥವಾ ಹೋತ ಹಾರಿದ ದಿನ, ಕುರಿಯ ಕಿವಿ ಓಲೆಯ ನಂಬರ್, ಇಷ್ಟನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದರೂ ಸಾಕು. ಟಗರನ್ನು ವರ್ಷವಿಡೀ ಹಿಂಡಿನಲ್ಲೇ ಬಿಟ್ಟಿದ್ದರೆ ದಿನ ತಿಳಿಯುವುದಿಲ್ಲ. ಹಾಗಿದ್ದವರು ಟಗರಿನ ಎದೆಗೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಬಳಿಯಬಹುದು. ಯಾವ ಕುರಿಯ ಹಿಂಭಾಗಕ್ಕೆ ಬಣ್ಣ ಹತ್ತಿದೆ ಅಂತ ಬೆಳಿಗ್ಗೆ ನೋಡಿ ಬರೆದುಕೊಂಡರಾಯಿತು.

ಒಂದು ಕುರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ನಾರಿ ಸುವರ್ಣ ಮಿಶ್ರತಳಿ, ಎರಡನೇ ಸೂಲು, ಗಬ್ಬಕ್ಕೆ ಮುಂಚೆ 35 ಕೆಜಿ ತೂಕ. ಜುಲೈ 1ಕ್ಕೆ ಟಗರು ಹಾರಿದೆ. ಕುರಿಗೆ 147 ದಿನ ಹಿಡಿದರೆ ನವೆಂಬರ್ 25ರ ಸುಮಾರಿಗೆ ಮರಿ. ಅಲ್ಲಿಂದ ಆರು ವಾರ ಹಿಂದಕ್ಕೆ ಬಂದರೆ ಅಕ್ಟೋಬರ್ 14, ಅಂದರೆ ಗಬ್ಬದ 105ನೇ ದಿನ. ಈ ದಿನಕ್ಕೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮೇವು ಬದಲಾಗಬೇಕಾದ ದಿನ ಇದೇ. ಮೇಕೆಗೆ 150 ದಿನ ಹಿಡಿಯಿರಿ, ಉಳಿದ ಲೆಕ್ಕವೆಲ್ಲ ಹೀಗೇ.

ಹೆಜ್ಜೆ 2: ಎರಡು ಮರಿ ಯಾರ ಹೊಟ್ಟೆಯಲ್ಲಿದೆ ತಿಳಿಯಿರಿ

45ರಿಂದ 90ನೇ ದಿನದೊಳಗೆ ಸ್ಕ್ಯಾನ್ ಮಾಡಿಸಿದರೆ ಮರಿ ಒಂದೋ ಎರಡೋ ಚೆನ್ನಾಗಿ ತಿಳಿಯುತ್ತದೆ. ಅದಾದ ಮೇಲೆ ಮರಿಗಳು ದೊಡ್ಡವಾಗಿ ಎಣಿಸುವುದು ಕಷ್ಟ. ಸ್ಕ್ಯಾನ್ ಸಿಗದ ಕಡೆ ನೀವೇ ತೀರ್ಮಾನ ಮಾಡಬೇಕು: ಹಿಂದಿನ ಸೂಲಿನಲ್ಲಿ ಅವಳಿ ಹಾಕಿದ್ದು, ಅವಳಿ ತಳಿಯದ್ದು, ಎರಡನೇ ಸೂಲು ದಾಟಿದ ಮೇಕೆ, ಇವೆಲ್ಲಕ್ಕೂ ಎರಡು ಮರಿ ಇದೆ ಅಂತಲೇ ಇಟ್ಟುಕೊಳ್ಳಿ. ಹೊಟ್ಟೆಯ ಗಾತ್ರ ನೋಡಿ ಹೇಳಲು ಹೋಗಬೇಡಿ. ಒಣಹುಲ್ಲು ತುಂಬಿದ ಹೊಟ್ಟೆಯೂ ದೊಡ್ಡದಾಗಿಯೇ ಕಾಣುತ್ತದೆ.

ಇವನ್ನು ಬೇರೆ ಅಂಕಣಕ್ಕೆ ಹಾಕಿ. ಎಲ್ಲವನ್ನೂ ಒಟ್ಟಿಗೆ ಬಿಟ್ಟು ಒಂದೇ ಗೋದಲಿಗೆ ಹಿಂಡಿ ಸುರಿದರೆ ಜೋರಿನ ಕುರಿ ಎರಡರ ಪಾಲು ತಿನ್ನುತ್ತದೆ, ಹೊಟ್ಟೆ ಭಾರವಾದ ಮೆತ್ತನೆಯ ಕುರಿ ಹಿಂದೆ ನಿಲ್ಲುತ್ತದೆ.

ಹೆಜ್ಜೆ 3: 90ನೇ ದಿನದ ಸುಮಾರಿಗೆ ಸೊಂಟ ಮುಟ್ಟಿ ನೋಡಿ

ಕುರಿಗೆ ಉಣ್ಣೆ ಇರುವುದರಿಂದ ಕಣ್ಣಿನಲ್ಲಿ ನೋಡಿ ಹೇಳಲಾಗದು, ಕೈ ಹಾಕಲೇಬೇಕು. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಅಂಗೈ ಇಡಿ. ಹೆಬ್ಬೆರಳು ಬೆನ್ನುಮೂಳೆಯ ತುದಿಯ ಮೇಲೆ, ಉಳಿದ ಬೆರಳು ಪಕ್ಕಕ್ಕೆ ಚಾಚಿದ ಚಿಕ್ಕ ಮೂಳೆಗಳ ತುದಿಯ ಮೇಲೆ ಬರಲಿ. ತುದಿಗಳು ಚೂಪಾಗಿ ಚುಚ್ಚಿದಂತಾಗಿ, ಅವುಗಳ ಕೆಳಗೆ ಬೆರಳು ಸಲೀಸಾಗಿ ಹೋದರೆ ಕುರಿ ಬಡಕಲು. ಮೂಳೆ ಗುಂಡಗೆ ಸಿಕ್ಕಿ, ಸ್ವಲ್ಪ ಒತ್ತಿದರೆ ಮಾತ್ರ ತುದಿ ಗೊತ್ತಾದರೆ ಸರಿಯಾಗಿದೆ. ಗಟ್ಟಿಯಾಗಿ ಒತ್ತಿದರೂ ತುದಿ ಸಿಗದಿದ್ದರೆ ಅತಿ ದಪ್ಪ. 1 ಅಂದರೆ ತೀರಾ ಬಡಕಲು, 5 ಅಂದರೆ ಅತಿ ದಪ್ಪ ಅನ್ನುವ ಅಳತೆಯಲ್ಲಿ ಮರಿ ಹಾಕುವ ಹೊತ್ತಿಗೆ 3ರ ಆಸುಪಾಸು ಇರಬೇಕು.

ಮೇಕೆಯಲ್ಲಿ ಕೊಬ್ಬು ಮೊದಲು ಸೇರುವುದು ಹೊಟ್ಟೆಯೊಳಗೆ. ಸೊಂಟ ತೆಳ್ಳಗೆ ಸಿಕ್ಕರೂ ಒಳಗೆ ಕೊಬ್ಬಿರಬಹುದು. ಅದಕ್ಕೇ ಮುಂಗಾಲುಗಳ ನಡುವೆ ಎದೆಮೂಳೆಯ ಮೇಲೂ ಬೆರಳಿಟ್ಟು ನೋಡಿ. ಅಲ್ಲಿ ಮೆತ್ತನೆಯ ಗಡ್ಡೆಯಂತೆ ಕೊಬ್ಬು ಸಿಕ್ಕರೆ ಅದು ದಪ್ಪ ಮೇಕೆಯೇ.

90ನೇ ದಿನ ಅಂದದ್ದಕ್ಕೆ ಕಾರಣ ಇದೆ. ಬಡಕಲು ಕುರಿಗೆ ಆಗಿನಿಂದಲೇ ಸ್ವಲ್ಪ ಹೆಚ್ಚು ಹಾಕಿ ಸರಿಮಾಡಬಹುದು. ದಪ್ಪ ಇದ್ದರೆ ಮಾತ್ರ ಆಗ ಮೈ ಇಳಿಸಲು ಹೋಗಬೇಡಿ. ಇಳಿಸುವುದಿದ್ದರೆ ಟಗರು ಬಿಡುವ ಮುಂಚೆಯೇ ಆಗಬೇಕಿತ್ತು. ಕೊನೆಯ ತಿಂಗಳುಗಳಲ್ಲಿ "ದಪ್ಪ ಆಗಿದೆ, ಹಿಂಡಿ ನಿಲ್ಲಿಸೋಣ" ಅಂದರೆ ಕೊಬ್ಬು ಒಮ್ಮೆಲೇ ಕರಗಿ ನೀವೇ ನಂಜು ತರಿಸಿದಂತೆ. ದಪ್ಪ ಕುರಿಗೆ ಬೇಕಾದದ್ದು ನಡಿಗೆ. ದಿನಾ ಅರ್ಧ ಗಂಟೆ ಹೊರಗೆ ಬಿಡಿ. ಬಿಡಲು ಜಾಗ ಇಲ್ಲದಿದ್ದರೆ ನೀರಿನ ತೊಟ್ಟಿ ಒಂದು ತುದಿಗೆ, ಗೋದಲಿ ಇನ್ನೊಂದು ತುದಿಗೆ ಇಡಿ, ಅಷ್ಟಾದರೂ ಓಡಾಡುತ್ತವೆ.

ಹೆಜ್ಜೆ 4: ಕೊನೆಯ ಆರು ವಾರದ ಮೇವು

ನಮ್ಮ ಅಕ್ಟೋಬರ್ 14ರ ಕುರಿಗೆ ವಾಪಸ್ ಬರೋಣ. 35 ಕೆಜಿ ಕುರಿಗೆ ಅವಳಿ ಹೊತ್ತ ಕೊನೆಯ ವಾರಗಳಲ್ಲಿ ದಿನಕ್ಕೆ 650ರಿಂದ 700 ಗ್ರಾಂನಷ್ಟು ಮೈಗೆ ಹತ್ತುವ ಆಹಾರ ಬೇಕು ಅಂತ ಲೆಕ್ಕ ಇಟ್ಟುಕೊಳ್ಳಿ. ತಿಂದದ್ದರಲ್ಲಿ ಜೀರ್ಣವಾಗಿ ಶಕ್ತಿಯಾಗಿ ಸಿಗುವ ಭಾಗ ಇದು. ಜೋಳದ ಸಪ್ಪೆ, ರಾಗಿ ಹುಲ್ಲಿನಲ್ಲಿ ಮೈಗೆ ಹತ್ತುವುದು ಹೆಚ್ಚುಕಡಿಮೆ ಅರ್ಧ ಮಾತ್ರ. ಬರೀ ಸಪ್ಪೆಯಲ್ಲೇ ಇದನ್ನು ತುಂಬಬೇಕಾದರೆ ಕುರಿ ಒಂದೂವರೆ ಕೆಜಿ ಸಪ್ಪೆ ತಿನ್ನಬೇಕು. ಆ ಹೊತ್ತಿನಲ್ಲಿ ಅದರ ಹೊಟ್ಟೆಗೆ ಅಷ್ಟು ಹಿಡಿಯುವುದೇ ಇಲ್ಲ. ಗೋದಲಿ ತುಂಬ ಸಪ್ಪೆ ಇದ್ದರೂ ಕುರಿ ಉಪವಾಸ ಇದ್ದಂತೆ ಆಗುವುದು ಹೀಗೆ.

ಅದಕ್ಕೆ ಜಾಗ ಕಡಿಮೆ ಹಿಡಿದು ಶಕ್ತಿ ಜಾಸ್ತಿ ಕೊಡುವ ಮೇವು ಬೇಕು. ಈ ಕುರಿಗೆ ದಿನಕ್ಕೆ 600 ಗ್ರಾಂ ಸಪ್ಪೆ ಕೊಟ್ಟರೆ ಅದರಿಂದ ಸುಮಾರು 280 ಗ್ರಾಂ ಸಿಗುತ್ತದೆ. 400 ಗ್ರಾಂ ಹಿಂಡಿ ಮಿಶ್ರಣದಿಂದ ಇನ್ನೊಂದು 280 ಗ್ರಾಂ. 1 ಕೆಜಿ ಹಸಿ ಬೇಲಿ ಮೆಂತೆ ಅಥವಾ ಕುದುರೆ ಮಸಾಲೆ ಸೊಪ್ಪಿನಿಂದ 130 ಗ್ರಾಂ. ಒಟ್ಟು 690 ಗ್ರಾಂ, ಲೆಕ್ಕ ಸರಿಹೋಯಿತು. ಹಸಿಸೊಪ್ಪು ಇಲ್ಲದ ಕಾಲದಲ್ಲಿ ಸಪ್ಪೆಯ ಅರ್ಧದಷ್ಟನ್ನಾದರೂ ಶೇಂಗಾ ಬಳ್ಳಿ, ತೊಗರಿ ಅಥವಾ ಕಡಲೆ ಹೊಟ್ಟಿಗೆ ಬದಲಾಯಿಸಿ. ಅಗಸೆ, ನುಗ್ಗೆ ಸೊಪ್ಪು ಇದ್ದರೆ ಇನ್ನೂ ಒಳ್ಳೆಯದು.

ಹಿಂಡಿ ಮಿಶ್ರಣ ಮನೆಯಲ್ಲೇ ಮಾಡಿಕೊಳ್ಳಬಹುದು. 100 ಕೆಜಿಗೆ 40 ಕೆಜಿ ಮೆಕ್ಕೆಜೋಳದ ನುಚ್ಚು, 25 ಕೆಜಿ ಶೇಂಗಾ ಹಿಂಡಿ, 32 ಕೆಜಿ ಗೋಧಿ ಬೂಸಾ, 2 ಕೆಜಿ ಖನಿಜ ಮಿಶ್ರಣ, 1 ಕೆಜಿ ಉಪ್ಪು. ಖನಿಜ ಮಿಶ್ರಣ ಕುರಿ-ಮೇಕೆಗೆಂದೇ ಮಾಡಿದ್ದನ್ನು ತನ್ನಿ. ಹಸುವಿನದ್ದರಲ್ಲಿ ತಾಮ್ರ ಹೆಚ್ಚಿರುತ್ತದೆ, ಕುರಿಗೆ ತಾಮ್ರ ಜಾಸ್ತಿಯಾದರೆ ವಿಷ. ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಅಗ್ಗಕ್ಕೆ ಸಿಗುತ್ತದೆ ಅಂತ ಗಬ್ಬದ ಕುರಿಗೆ ಹಾಕಲೇಬೇಡಿ. ಆ ಬೂಷ್ಟಿನ ವಿಷ ನೇರ ಯಕೃತ್ತಿಗೆ ಪೆಟ್ಟು ಕೊಡುತ್ತದೆ, ಈ ಕಾಲದಲ್ಲಿ ಯಕೃತ್ತಿಗೆ ಮೊದಲೇ ಕೆಲಸ ಜಾಸ್ತಿ.

400 ಗ್ರಾಂ ಅಂದೆ ಅಂತ ಅಕ್ಟೋಬರ್ 14ರ ಬೆಳಿಗ್ಗೆಯೇ 400 ಗ್ರಾಂ ಹಾಕಬೇಡಿ. ಒಮ್ಮೆಲೇ ಕಾಳು ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿ ಏರಿ ಕುರಿ ಮೇವು ಬಿಡುತ್ತದೆ. ಯಾವ ರೋಗ ತಡೆಯಲು ಹೊರಟೆವೋ ಅದೇ ಬಂದು ಕೂರುತ್ತದೆ. ಮೊದಲ ವಾರ 150 ಗ್ರಾಂನಿಂದ ಶುರುಮಾಡಿ 200ಕ್ಕೆ ತನ್ನಿ. ಎರಡನೇ, ಮೂರನೇ ವಾರದಲ್ಲಿ 250, 300. ನಾಲ್ಕನೇ ವಾರದಿಂದ 400, ಅಂದರೆ ನವೆಂಬರ್ 4ರಿಂದ ಮರಿ ಹಾಕುವವರೆಗೆ. ಇದನ್ನೂ ಬೆಳಿಗ್ಗೆ 200, ಸಂಜೆ 200 ಅಂತ ಎರಡು ಪಾಲು ಮಾಡಿ. ಒಂದೇ ಮರಿ ಇರುವ ಕುರಿಗೆ ಇದರ ಅರ್ಧ, ಹೆಚ್ಚೆಂದರೆ 250 ಗ್ರಾಂ ಸಾಕು. 25 ಕೆಜಿಯ ಮೇಕೆಗೆ ಇದೇ ಲೆಕ್ಕದಲ್ಲಿ 250ರಿಂದ 300 ಗ್ರಾಂ ಬರುತ್ತದೆ. ನಿಮ್ಮ ಸಪ್ಪೆ ಎಷ್ಟು ಚೆನ್ನಾಗಿದೆ ಅನ್ನುವುದರ ಮೇಲೆ ಸ್ವಲ್ಪ ಆಚೀಚೆ ಆಗಬಹುದು. ಸೊಂಟ ಮುಟ್ಟಿ ನೋಡುತ್ತಾ ಇದ್ದರೆ ಅದು ತಿಳಿಯುತ್ತದೆ.

ಗೋದಲಿಯ ಹತ್ತಿರ ಒಂದೊಂದು ಕುರಿಗೂ ಒಂದೂವರೆ ಅಡಿ ಜಾಗ ಬೇಕು. ಎಲ್ಲವೂ ಒಟ್ಟಿಗೆ ಬಾಯಿ ಹಾಕುವಂತಿರಲಿ. ಇದನ್ನು ಎಷ್ಟೋ ಜನ ಗಮನಿಸುವುದಿಲ್ಲ. ತೂಕ ಹಾಕಿ ಹಿಂಡಿ ಹಂಚಿರುತ್ತಾರೆ, ಜಾಗ ಸಾಲದೆ ಎರಡು ಕುರಿ ದಿನಾ ಹೊರಗೇ ನಿಂತಿರುತ್ತವೆ.

ಇನ್ನೊಂದು ಮಾತು. ಕೊನೆಯ ತಿಂಗಳಲ್ಲಿ ಒಂದು ಹೊತ್ತಿನ ಮೇವು ತಪ್ಪುವುದೂ ಸಣ್ಣ ವಿಷಯ ಅಲ್ಲ. ಜಡಿಮಳೆಗೆ ಹೊರಗೆ ಬಿಡದೆ ಇಡೀ ದಿನ ಕೂಡಿಹಾಕುವುದು, ಸಂತೆಗೆ ಟೆಂಪೋದಲ್ಲಿ ಸಾಗಿಸುವುದು, ಉಣ್ಣೆ ಕತ್ತರಿಸಲು ಬೆಳಗಿನಿಂದ ಹಸಿದು ನಿಲ್ಲಿಸುವುದು, ನಾಯಿ ಅಟ್ಟಿಸಿಕೊಂಡು ಬರುವುದು, ಗೊರಸಿನ ಹುಣ್ಣಿನಿಂದ ಗೋದಲಿಗೆ ನಡೆಯಲಾಗದಿರುವುದು, ಇಂಥದ್ದರ ಮಾರನೇ ದಿನವೇ ರೋಗ ಎದ್ದುಕೊಳ್ಳುತ್ತದೆ. ಲಸಿಕೆ ಹಾಕಿಸಲೇಬೇಕಾದರೆ ಮೊದಲು ಮೇವು ಹಾಕಿ, ಆಮೇಲೆ ಮೆಲ್ಲಗೆ ಹಿಡಿದು ಹಾಕಿಸಿ.

ಹೆಜ್ಜೆ 5: ದಿನಾ ಹಿಂಡಿ ಹಾಕುವಾಗ ಐದು ನಿಮಿಷ ನಿಂತು ನೋಡಿ

ರೋಗದ ಮೊದಲ ಗುರುತು ಕಾಣುವುದು ಗೋದಲಿಯ ಹತ್ತಿರವೇ. ಹಿಂಡಿ ಬಕೆಟ್ಟಿನ ಸದ್ದಿಗೆ ಎಲ್ಲ ಕುರಿ ನುಗ್ಗಿ ಬರುತ್ತವೆ. ಅವುಗಳಲ್ಲಿ ಒಂದು ನಿಧಾನಕ್ಕೆ ಎದ್ದು ಕೊನೆಯಲ್ಲಿ ಬರುತ್ತದೆ. ಬಂದರೂ ಹಿಂಡಿಯನ್ನು ಮೂಸಿ ಮುಖ ತಿರುಗಿಸುತ್ತದೆ. ಪಕ್ಕದಲ್ಲಿರುವ ಸೊಪ್ಪಿನ ಎರಡು ಎಲೆ ಕಿತ್ತು ಬಾಯಲ್ಲೇ ಇಟ್ಟುಕೊಂಡು ನಿಲ್ಲುತ್ತದೆ, ಅಗಿಯುವುದನ್ನೇ ಮರೆತ ಹಾಗೆ. ಬಹಳಷ್ಟು ಸಲ ಮೊದಲು ಬಿಡುವುದು ಹಿಂಡಿಯನ್ನು, ಆಮೇಲೆ ಒಣಮೇವನ್ನು. "ಸೊಪ್ಪು ತಿಂತಾ ಇದೆಯಲ್ಲ" ಅಂತ ಆ ದಿನ ಸುಮ್ನೆ ಬಿಡಬೇಡಿ. ಉಳಿಸಬಹುದಾದ ದಿನ ಅದೇ.

ಅದರ ಹಿಂದೆಯೇ ಬರುವ ಗುರುತುಗಳು: ಮೆಲುಕು ಹಾಕುವುದು ಕಡಿಮೆ. ಹಿಕ್ಕೆ ಸಣ್ಣದಾಗಿ, ಒಣಗಿ, ಗಟ್ಟಿಯಾಗುತ್ತದೆ. ಹಿಂಡಿನಿಂದ ದೂರ ಮೂಲೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತದೆ. ಹಲ್ಲು ಕಡಿಯುವ ಸದ್ದು ಕೇಳಬಹುದು. ಮೇಕೆಯಲ್ಲಿ ಕಾಲಿನ ಕೆಳಭಾಗ ಊದುವುದೂ ಉಂಟು.

ಇನ್ನೊಂದೆರಡು ದಿನ ಹೋದರೆ ಮಿದುಳಿನ ಗುರುತುಗಳು ಶುರು. ಕಣ್ಣು ತೆರೆದೇ ಇರುತ್ತದೆ, ಕೈ ಬೀಸಿದರೆ ರೆಪ್ಪೆ ಮಿಟುಕಿಸುವುದಿಲ್ಲ. ಗೋಡೆಗೋ ಕಂಬಕ್ಕೋ ತಲೆ ಒತ್ತಿ ನಿಲ್ಲುತ್ತದೆ. ಕಿವಿ, ತುಟಿ, ರೆಪ್ಪೆ ಸಣ್ಣಗೆ ಅದುರುತ್ತವೆ. ಕೆಲವು ತಲೆ ಎತ್ತಿ ಆಕಾಶ ನೋಡಿದ ಹಾಗೆ ನಿಲ್ಲುತ್ತವೆ. ಬಾಯಿಯ ಹತ್ತಿರ ಮೂಗಿಟ್ಟರೆ ಉಗುರು ಬಣ್ಣ ತೆಗೆಯುವ ದ್ರಾವಣದಂಥ ಸಿಹಿ ವಾಸನೆ ಬರಬಹುದು. ಈ ವಾಸನೆ ಎಲ್ಲರ ಮೂಗಿಗೂ ಸಿಗುವುದಿಲ್ಲ. ಸಿಗಲಿಲ್ಲ ಅಂತ ರೋಗ ಇಲ್ಲ ಅಂದುಕೊಳ್ಳಬೇಡಿ. ಕೊನೆಗೆ ಎದೆಯ ಮೇಲೆ ಕುಕ್ಕರಿಸಿ ಮಲಗುತ್ತದೆ, ಆಮೇಲೆ ಪಕ್ಕಕ್ಕೆ ವಾಲುತ್ತದೆ. ಮೊದಲ ಗುರುತಿನಿಂದ ಸಾಯುವವರೆಗೆ ಕೆಲವೇ ದಿನ, ಹೆಚ್ಚೆಂದರೆ ಒಂದು ವಾರ, ಹತ್ತು ದಿನ.

ಇದನ್ನೇ ಹೋಲುವ ಬೇರೆ ತೊಂದರೆಗಳೂ ಇವೆ. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಕಡಿಮೆಯಾದರೂ ಗಬ್ಬದ ಕುರಿ ಮಲಗುತ್ತದೆ. ಅದು ಕೆಲವೇ ಗಂಟೆಗಳಲ್ಲಿ ಬೀಳುತ್ತದೆ, ಹೊಟ್ಟೆ ಉಬ್ಬರಿಸಿರಬಹುದು, ಕ್ಯಾಲ್ಸಿಯಂ ಕೊಟ್ಟರೆ ಬೇಗನೆ ಏಳುತ್ತದೆ. ಗಬ್ಬದ ನಂಜು ದಿನಗಳ ಲೆಕ್ಕದಲ್ಲಿ ಏರುತ್ತದೆ. ಮುಖದ ಒಂದೇ ಪಕ್ಕ ಜೋತುಬಿದ್ದು, ಒಂದೇ ಕಡೆ ಸುತ್ತು ತಿರುಗುತ್ತಿದ್ದರೆ ಅದು ಲಿಸ್ಟೀರಿಯೋಸಿಸ್ ಅನ್ನುವ ಬೇರೆ ಸೋಂಕಾಗಿರಬಹುದು. ಜ್ವರ ಇದ್ದರೆ ಇನ್ನೇನೋ ಇದೆ ಅಂತ ಅರ್ಥ, ಬರೀ ಗಬ್ಬದ ನಂಜಿನಲ್ಲಿ ಸಾಮಾನ್ಯವಾಗಿ ಜ್ವರ ಇರುವುದಿಲ್ಲ. ಹೀಗಾಗಿ ವೈದ್ಯರಿಗೆ ಫೋನ್ ಮಾಡುವ ಮುಂಚೆ ಥರ್ಮಾಮೀಟರ್ ಇಟ್ಟು ನೋಡಿಕೊಂಡರೆ ಅನುಕೂಲ.

ಹೆಜ್ಜೆ 6: ಪಟ್ಟಿ ಅದ್ದಿ ಖಾತ್ರಿ ಮಾಡಿಕೊಳ್ಳಿ

ಔಷಧಿ ಅಂಗಡಿಯಲ್ಲಿ ಮೂತ್ರದ ಕೀಟೋನ್ ನೋಡುವ ಪಟ್ಟಿ ಸಿಗುತ್ತದೆ, ಸಕ್ಕರೆ ಕಾಯಿಲೆಯವರು ಬಳಸುವಂಥದ್ದು. ಮೂತ್ರ ಹಿಡಿಯಲು ಒಂದು ಉಪಾಯ: ಬೆಳಿಗ್ಗೆ ಕುರಿ ಮಲಗಿರುವಾಗಲೇ ಮೆಲ್ಲಗೆ ಹಿಂದೆ ಹೋಗಿ ಎಬ್ಬಿಸಿ. ಎದ್ದ ಒಂದೆರಡು ನಿಮಿಷದಲ್ಲಿ ಸಾಮಾನ್ಯವಾಗಿ ಉಚ್ಚೆ ಹೊಯ್ಯುತ್ತದೆ. ಉದ್ದ ಹಿಡಿಯ ಸೌಟಿನಲ್ಲಿ ಹಿಡಿದು, ಪಟ್ಟಿ ಅದ್ದಿ, ಡಬ್ಬಿಯಲ್ಲಿ ಬರೆದಷ್ಟು ಸೆಕೆಂಡ್ ಕಾದು ಬಣ್ಣ ಹೋಲಿಸಿ. ನೇರಳೆ ಬಣ್ಣ ಗಾಢವಾದಷ್ಟೂ ಕೀಟೋನ್ ಹೆಚ್ಚು.

ದೊಡ್ಡ ಫಾರ್ಮ್ ಇರುವವರು ರಕ್ತದ ಕೀಟೋನ್ ಮೀಟರ್ ಇಟ್ಟುಕೊಳ್ಳಬಹುದು. ಕಿವಿಯ ಅಂಚಿನ ನರಕ್ಕೆ ಸೂಜಿ ತಾಗಿಸಿ ಒಂದು ಹನಿ ತೆಗೆದರೆ ಸಾಕು. ಮೀಟರ್‌ಗೆ ಹಾಕುವುದು ಕೀಟೋನ್ ಪಟ್ಟಿಯೇ ಆಗಿರಬೇಕು, ಸಕ್ಕರೆಯ ಪಟ್ಟಿ ಅಲ್ಲ. ಪರದೆಯ ಮೇಲೆ 0.8 mmol/L ಒಳಗೆ ಬಂದರೆ ಮೇವು ಸಾಕಾಗುತ್ತಿದೆ. ಅದಕ್ಕಿಂತ ಮೇಲೆ ಬಂದರೆ ಕುರಿ ಮೈಯ ಕೊಬ್ಬನ್ನು ಕರಗಿಸುತ್ತಿದೆ, ಮೇವು ಏರಿಸಬೇಕು. 3 ದಾಟಿದರೆ ರೋಗವೇ ಅಂತ ತಿಳಿದು ವೈದ್ಯರನ್ನು ಕರೆಸಿ. ಮರಿ ಹಾಕಲು ಇನ್ನೂ ಮೂರು-ನಾಲ್ಕು ವಾರ ಇರುವಾಗ ಅವಳಿಯ ಗುಂಪಿನಲ್ಲಿ ನಾಲ್ಕೈದು ಕುರಿಗೆ ಹೀಗೆ ನೋಡಿದರೆ ಇಡೀ ಗುಂಪಿನ ಮೇವಿನ ಸ್ಥಿತಿ ತಿಳಿಯುತ್ತದೆ. ನನ್ನ ಅನಿಸಿಕೆಯಲ್ಲಿ ಮೀಟರ್‌ನ ನಿಜವಾದ ಉಪಯೋಗ ಇರುವುದು ಇಲ್ಲೇ.

ಹೆಜ್ಜೆ 7: ಗುರುತು ಕಂಡ ದಿನವೇ ಮಾಡಬೇಕಾದ್ದು

ಕುರಿ ಇನ್ನೂ ನಿಂತಿದೆ, ನುಂಗುತ್ತಿದೆ ಅಂದರೆ ಪ್ರೊಪಿಲೀನ್ ಗ್ಲೈಕಾಲ್ ಕುಡಿಸುವುದು ಮೊದಲ ಮದ್ದು. ಯಕೃತ್ತು ಇದನ್ನು ಗ್ಲೂಕೋಸ್ ಮಾಡಿಕೊಳ್ಳುತ್ತದೆ. ಪುಸ್ತಕಗಳಲ್ಲಿ ಹೇಳುವುದು ದೊಡ್ಡ ಕುರಿಗೆ 60 ಮಿ.ಲೀ., ದಿನಕ್ಕೆ ಎರಡು ಸಲ, ಮೂರು ದಿನ. ನಮ್ಮ 30-35 ಕೆಜಿಯ ಕುರಿಗೆ, ಮೇಕೆಗೆ ಎಷ್ಟು ಅನ್ನುವುದನ್ನು ನಿಮ್ಮ ಪಶುವೈದ್ಯರು ತೂಕ ನೋಡಿ ಹೇಳಲಿ, ಜಾಸ್ತಿಯಾದರೆ ಇದೂ ವಿಷವೇ. ತರುವುದು ಪಶು ಔಷಧಿ ಅಂಗಡಿಯಿಂದಲೇ ಇರಲಿ. ಗಾಡಿಯ ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್, ಹೆಸರು ಹತ್ತಿರ ಅನಿಸಿದರೂ ಅದು ಕುರಿಯನ್ನು ಕೊಲ್ಲುತ್ತದೆ.

ಕುಡಿಸುವಾಗ ತಲೆಯನ್ನು ಮೇಲಕ್ಕೆತ್ತಬೇಡಿ. ಮೂತಿ ನೆಲಕ್ಕೆ ಸಮನಾಗಿರಲಿ. ಬಾಯಿಯ ಪಕ್ಕದಿಂದ ಸಿರಿಂಜ್ ಹಾಕಿ, ಸ್ವಲ್ಪ ಬಿಟ್ಟು, ನುಂಗಿದ ಮೇಲೆ ಮತ್ತೆ ಸ್ವಲ್ಪ ಬಿಡಿ. ಮಂಕಾದ ಕುರಿಗೆ ಗಟಗಟ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಮಲಗಿಬಿಟ್ಟ, ನುಂಗದ ಕುರಿಗೆ ಬಾಯಿಂದ ಏನೂ ಹಾಕಬೇಡಿ.

ಬೆಲ್ಲದ ನೀರು ಕುಡಿಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಮನುಷ್ಯರಿಗೆ ಬೆಲ್ಲದ ನೀರು ಕೊಟ್ಟರೆ ಸಕ್ಕರೆ ನೇರ ರಕ್ತಕ್ಕೆ ಸೇರುತ್ತದೆ. ಕುರಿಯ ದೊಡ್ಡ ಹೊಟ್ಟೆಯಲ್ಲಿ ಹಾಗಾಗುವುದಿಲ್ಲ. ಅಲ್ಲಿನ ಸೂಕ್ಷ್ಮಜೀವಿಗಳು ಬೆಲ್ಲವನ್ನು ಹುಳಿಸಿ ಆಮ್ಲ ಮಾಡುತ್ತವೆ, ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಜಾಸ್ತಿ ಕುಡಿಸಿದರೆ ಹೊಟ್ಟೆಯ ಹುಳಿ ಏರಿ ಇದ್ದ ಅಲ್ಪಸ್ವಲ್ಪ ಹಸಿವೂ ಹೋಗುತ್ತದೆ. ಮೇವಿನ ಮೇಲೆ ಸ್ವಲ್ಪ ಚಿಮುಕಿಸಿ ರುಚಿ ಹತ್ತಿಸಲು ಬಳಸಿ, ಮದ್ದು ಅಂತ ನಂಬಿ ದಿನ ಕಳೆಯಬೇಡಿ.

ಅದೇ ದಿನ ವೈದ್ಯರಿಗೆ ಹೇಳಿ. ಹತ್ತಿರದಲ್ಲಿ ಯಾರೂ ಸಿಗದಿದ್ದರೆ ಪಶು ಸಂಜೀವಿನಿ ಆಂಬುಲೆನ್ಸ್‌ಗೆ 1962ಕ್ಕೆ ಫೋನ್ ಮಾಡಿ. ವೈದ್ಯರು ಗ್ಲೂಕೋಸನ್ನು ನರಕ್ಕೆ ಏರಿಸುತ್ತಾರೆ. ಎಷ್ಟೋ ಸಲ ಕ್ಯಾಲ್ಸಿಯಂ ಕೂಡ ಕಡಿಮೆಯಾಗಿರುವುದರಿಂದ ಅದನ್ನೂ ಕೊಡುತ್ತಾರೆ. ಗ್ಲೂಕೋಸ್ ಒಮ್ಮೆ ಏರಿಸಿದರೆ ಅದರ ಬಲ ಕೆಲವೇ ಗಂಟೆ ಇರುತ್ತದೆ. ಕುರಿ ಎದ್ದು ನಿಂತಿತು ಅಂತ ಅಲ್ಲಿಗೇ ನಿಲ್ಲಿಸಿದರೆ ಮಾರನೇ ದಿನ ಮತ್ತೆ ಬೀಳುತ್ತದೆ. ಬಾಯಿಂದ ಕೊಡುವ ಮದ್ದನ್ನು, ಹಸಿಸೊಪ್ಪನ್ನು ಬಿಡದೆ ಮುಂದುವರಿಸಬೇಕು. ಕುರಿಗೆ ಏನು ಇಷ್ಟವೋ ಅದನ್ನೇ ಕೈಯಲ್ಲಿ ಹಿಡಿದು ತಿನ್ನಿಸಿ: ಹಲಸಿನ ಸೊಪ್ಪು, ಆಲದ ಸೊಪ್ಪು, ಅಗಸೆ ಸೊಪ್ಪು.

ಒಂದು ದಿನದಲ್ಲಿ ಚೇತರಿಕೆ ಕಾಣದಿದ್ದರೆ ಮರಿಗಳನ್ನು ಹೊರಗೆ ತರುವುದೇ ದಾರಿ. ಗ್ಲೂಕೋಸ್ ಎಳೆಯುವವರು ಹೊರಬಂದರೆ ತಾಯಿ ಉಳಿಯಬಹುದು. ಚುಚ್ಚುಮದ್ದು ಕೊಟ್ಟು ಹೆರಿಗೆ ಬೇಗ ಆಗುವಂತೆ ಮಾಡಬಹುದು, ಅದಕ್ಕೆ ಸುಮಾರು ಎರಡು ದಿನ ಹಿಡಿಯುತ್ತದೆ. ಅಷ್ಟು ಹೊತ್ತು ತಾಯಿ ತಡೆಯುವುದಿಲ್ಲ ಅನಿಸಿದರೆ ಸಿಸೇರಿಯನ್. ವೈದ್ಯರು ಬಂದ ತಕ್ಷಣ ಕೇಳುವ ಮೊದಲ ಪ್ರಶ್ನೆ "ಟಗರು ಹಾರಿದ್ದು ಯಾವತ್ತು?" ಅಂತ. 140 ದಿನ ದಾಟಿದ್ದರೆ ಮರಿಗಳೂ ಬದುಕುವ ಆಸೆ ಇದೆ. 125ನೇ ದಿನದಲ್ಲಾದರೆ ತಾಯಿಯನ್ನು ಉಳಿಸುವುದಕ್ಕಾಗಿ ಮರಿಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಕ್ಯಾಲೆಂಡರ್ ಇಲ್ಲದಿದ್ದರೆ ಈ ತೀರ್ಮಾನ ಕತ್ತಲಲ್ಲಿ ಮಾಡಿದ ಹಾಗೆ. ಮಲಗಿ, ಪ್ರಜ್ಞೆ ತಪ್ಪುವ ಹಂತಕ್ಕೆ ಬಂದ ಕುರಿಯಲ್ಲಿ ಎಲ್ಲ ಮಾಡಿದರೂ ಹೆಚ್ಚಿನವು ಉಳಿಯುವುದಿಲ್ಲ, ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಉಳಿದ ತಾಯಿಗೆ ಹಾಲು ಕಡಿಮೆ ಇರುತ್ತದೆ. ಮರಿಗಳಿಗೆ ಹುಟ್ಟಿದ ಮೊದಲ ಒಂದೆರಡು ಗಂಟೆಯಲ್ಲಿ ಗಿಣ್ಣದ ಹಾಲು ಬೇಕೇ ಬೇಕು. ಕೆಜಿ ತೂಕಕ್ಕೆ 50 ಮಿ.ಲೀ. ಒಂದು ಸಲಕ್ಕೆ, ಮೊದಲ ದಿನ ಹೀಗೆ ನಾಲ್ಕು ಸಲ. ತಾಯಿಯಲ್ಲಿ ಇಲ್ಲದಿದ್ದರೆ ಅದೇ ದಿನ ಈದ ಬೇರೆ ಕುರಿ ಅಥವಾ ಮೇಕೆಯಿಂದ ಕರೆದು ಕುಡಿಸಿ.

ಅವಳಿಯ ಗುಂಪಿನಲ್ಲಿ ಒಂದು ಕುರಿ ಬಿದ್ದರೆ ಉಳಿದವು ಅಂಚಿನಲ್ಲಿವೆ ಅಂತಲೇ ತಿಳಿಯಿರಿ. ಎಲ್ಲವೂ ತಿನ್ನುತ್ತಿರುವುದು ಅದೇ ಮೇವು ತಾನೇ. ಅದೇ ಸಂಜೆ ಎಲ್ಲದರ ಸೊಂಟ ಮುಟ್ಟಿ ನೋಡಿ, ನಾಲ್ಕೈದಕ್ಕೆ ಪಟ್ಟಿ ಅದ್ದಿ, ಗೋದಲಿಯ ಜಾಗ ಅಳೆಯಿರಿ. ಸಪ್ಪೆ ಕಡಿಮೆ ಮಾಡಿ ಹೊಟ್ಟು, ಸೊಪ್ಪು ಜಾಸ್ತಿ ಮಾಡಿ. ಹಿಂಡಿಯನ್ನು ಮಾತ್ರ ಎರಡು-ಮೂರು ದಿನಕ್ಕೆ 50 ಗ್ರಾಂನಂತೆ ಏರಿಸುತ್ತಾ ಹೋಗಿ.